ಅಜ್ಜ ಅಪ್ಪನಿಗೆ ಬರೆದ ಇನ್‌ಲ್ಯಾಂಡ್ ಪತ್ರ: ಟೈಪ್ ಮಾಡಿದ ಪ್ರತಿ

ಅತ್ತೆ, ನೀವು ಕಳಿಸಿದ ಫೋಟೊ ನೋಡಿಕೊಂಡು ಟೈಪ್ ಮಾಡಿದ್ದೇನೆ. ಅಜ್ಜನ ಕಾಗುಣಿತ ತಿದ್ದಿಲ್ಲ, ಸಾಲುಗಳನ್ನೂ ಅವರು ಮುರಿದಲ್ಲೇ ಮುರಿದಿದ್ದೇನೆ. ಅನುಮಾನದ ಪದ ಚೌಕ ಕಂಸದಲ್ಲಿ ಪ್ರಶ್ನೆಚಿಹ್ನೆಯ ಜೊತೆ ಇದೆ. ಎರಡು ತರಹ ಓದಬಹುದಾದರೆ ನಡುವೆ ಓರೆಗೆರೆ. ಓದಲು ಆಗದೇ ಇದ್ದದ್ದು [...].

॥ ಶ್ರೀ ॥
ಭಾನುವಾರ, ತಾ. ೧೪-೪-[೬೩?]

ಚಿರಂಜೀವಿಗೆ ಆಶೀರ್ವಾದಗಳು.
ಉಭಯ ಕುಶಲೋಪರಿ. ನೀನು ಬರೆದ ಕಾಗದ ಮೊನ್ನೆ
ತಲುಪಿತು. ಪರೀಕ್ಷೆ ಮುಗಿದ [ಮೇಲೆ?] ಮೈಸೂರಿನಿಂದ ನೇರ
ಸಾಗರಕ್ಕೆ ಬಾ. ಹಳೇಮನೆಗೆ ಹೋಗಬೇಡ, ಅಲ್ಲಿ ಈಗ ಯಾರೂ
ಇಲ್ಲ. ಮಳೆಗಾಲದೊಳಗೆ ಖಾಲಿ ಮಾಡತಕ್ಕದ್ದೆಂದು ನೋಟೀಸು
ಬಂದಿತ್ತು. ಹೆಂಚು ಇಳಿಸಿ ತೊಲೆ ಕಂಬ ಬಿಚ್ಚಿ ಗಾಡಿಯಲ್ಲಿ
ಸಾಗಿಸಿದ್ದಾಯಿತು. ಜಗುಲಿ ಕಂಬ ಒಂದು [ಸೀಳಿತು?]. ನಿನ್ನ ಅಮ್ಮ
ಎರಡು ದಿನ ಊಟ ಮಾಡಲಿಲ್ಲ, ಈಗ ಅಡ್ಡಿಯಿಲ್ಲ. ತಂಗಿ
[ಕೌಲೆ/ಗೌರಿ?] ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದಳು. ಕಡೆಗೆ
ಅದನ್ನೂ ಹೊಡಕೊಂಡು ಬಂದೆವು.
ಪರಿಹಾರದ ಮೊದಲ ಕಂತು ರೂ. [೬೦೦/೯೦೦?] ಕೈಸೇರಿತು.
ತೋಟಕ್ಕೆ ಬೆಲೆ ಕಟ್ಟಿದರು, ಬೆಟ್ಟ[ಕ್ಕೆ?] ಏನೂ ಇಲ್ಲ. [...]
ಸಾಹೇಬರನ್ನು ಕಂಡು ಅರ್ಜಿ ಕೊಟ್ಟಿದ್ದೇನೆ. ನಿನ್ನ ಫೀಜಿಗೆ
ತೊಂದರೆಯಾಗದು. ಚಿಂತಿಸಬೇಡ, ಓದು.
ಇತಿ ಆಶೀರ್ವಾದಗಳು,
ನಿನ್ನ ಅಪ್ಪಯ್ಯ

ಇಸವಿಯ ಕೊನೆಯ ಅಂಕಿ ೨ರ ಹಾಗೂ ಕಾಣುತ್ತದೆ. ಆದರೆ ಏಪ್ರಿಲ್ ೧೪ ಭಾನುವಾರ ಬಂದದ್ದು ೧೯೬೩ರಲ್ಲಿ, ೧೯೬೨ರಲ್ಲಿ ಅದು ಶನಿವಾರ. ಲಿಂಗನಮಕ್ಕಿ ಕಟ್ಟೆ ಮುಗಿದದ್ದು ೧೯೬೪ರಲ್ಲಿ, ಹಾಗಾಗಿ ಹಿಂದಿನ ಬೇಸಿಗೆಯಲ್ಲೇ ಮನೆ ಬಿಚ್ಚಿದ್ದೂ ಹೊಂದುತ್ತದೆ. ೬೩ ಎಂದೇ ಇಟ್ಟುಕೊಳ್ಳೋಣ.

ಪರಿಹಾರದ ಮೊತ್ತಕ್ಕೆ ಅಂಥ ಆಧಾರ ಸಿಗಲಿಲ್ಲ. ತಾರೀಖಿನ ೬ರ ಜೊತೆ ಇಟ್ಟು ನೋಡಿದೆ, ಬಾಲ ತಿರುಗುವ ಕಡೆಯೇ ಶಾಯಿ ಹರಡಿದೆ. ಮನೆಯವರು ಯಾರಾದರೂ ಈ ಪ್ರತಿಯನ್ನು ಮುಳುಗಡೆಯ ಕಾಗದಪತ್ರಗಳ ಜೊತೆ ಇಡುವುದಾದರೆ ದಯವಿಟ್ಟು ಒಂದು ಅಂಕಿಯನ್ನು ಆರಿಸಿ ಬರೆಯಬೇಡಿ, ಎರಡೂ ಹಾಗೇ ಇರಲಿ.

"ಬೆಟ್ಟ" ಆದಮೇಲೆ ಕಾಗದದ ಮಡಿಕೆ ಬಂದಿದೆ. "ಬೆಟ್ಟೆಗೆ" ಎಂದಿದ್ದರೆ ಅಡಿಕೆಯ ಮಾತಾಗುತ್ತದೆ. ಹಿಂದಿನ ಮಾತು ತೋಟಕ್ಕೆ ಕಟ್ಟಿದ ಬೆಲೆಯದ್ದು, ಹಾಗಾಗಿ ಸೊಪ್ಪಿನಬೆಟ್ಟವೇ ಇರಬೇಕು ಅನ್ನಿಸುತ್ತದೆ. ತೋಟಕ್ಕೆ ಸೊಪ್ಪು ಕೊಡುತ್ತಿದ್ದ ನೆಲಕ್ಕೆ ಏನೂ ಸಿಗಲಿಲ್ಲ ಎಂಬುದು ಅಜ್ಜನಿಗೆ ದೊಡ್ಡ ಮಾತೇ. ಆದರೂ ಅಕ್ಷರ ಕಣ್ಣಿಗೆ ಕಾಣದೆ ಪ್ರಶ್ನೆಚಿಹ್ನೆ ತೆಗೆಯಲು ಮನಸ್ಸಿಲ್ಲ.

ಆ ದನದ ಹೆಸರು ನಿಮಗೇ ಗೊತ್ತು, ಹಟ ಹಿಡಿದವರು ನೀವೇ ತಾನೆ! ಮೂಲ ಕಾಗದದ ಮಡಿಕೆ ಬಿಡಿಸಿ, ಹಗಲು ಬೆಳಕಲ್ಲಿ, ಫ್ಲ್ಯಾಶ್ ಹಾಕದೆ ಪರಿಹಾರದ ಆ ಎರಡು ಸಾಲಿನ ಫೋಟೊ ಮಾತ್ರ ಹತ್ತಿರದಿಂದ ತೆಗೆದು ಕಳಿಸಿ. "ಸಾಹೇಬರ" ಹಿಂದಿನ ಪದವೂ ಅದರಲ್ಲೇ ಸಿಗಬಹುದು.