ಸಂಕ್ರಾಂತಿ ಊಟ: ಬಫೆಯಲ್ಲಿ ಏನೇನಿದೆ

ಭೋಗಿ ಜನವರಿ 14, ಸಂಕ್ರಾಂತಿ ಜನವರಿ 15. ಎರಡೂ ದಿನ ಮಧ್ಯಾಹ್ನ 12ರಿಂದ 3:30ರವರೆಗೆ, ವಿದ್ಯಾನಗರ, ಹುಬ್ಬಳ್ಳಿ. ಒಬ್ಬರಿಗೆ ₹420, 5ರಿಂದ 10 ವರ್ಷದ ಮಕ್ಕಳಿಗೆ ₹220, ಅದಕ್ಕೂ ಚಿಕ್ಕವರಿಗೆ ದುಡ್ಡಿಲ್ಲ. ಪೂರ್ತಿ ಸಸ್ಯಾಹಾರ. ಪನೀರ್, ಗೋಬಿ ಮಂಚೂರಿ ಈ ಎರಡು ದಿನ ಮಾಡಲ್ಲ, ಒಲೆಗಳೆಲ್ಲ ರೊಟ್ಟಿಗೆ ಮತ್ತು ಹೋಳಿಗೆಗೆ ಹೋಗಿಬಿಟ್ಟಿವೆ.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ಇಲ್ಲಿ ಹೊಟ್ಟೆ ತುಂಬಿಸೋದು ರೊಟ್ಟಿ, ಆದರೆ ಕೊನೆಗೆ ಮಾದಲಿ ಇದೆ. ಅದಕ್ಕೆ ಸ್ವಲ್ಪ ಜಾಗ ಇಟ್ಟುಕೊಳ್ಳಿ.

ತಟ್ಟೆಯ ಅಂಚಿಗೆ

ಬಾಗಿಲ ಪಕ್ಕದ ಚಿಕ್ಕ ಮೇಜಿನಿಂದ ಶುರು ಮಾಡಿ. ಹಸಿ ಮೆಂತ್ಯ ಸೊಪ್ಪು, ಹಕ್ಕರಕಿ, ಮೂಲಂಗಿ, ಸವತೆಕಾಯಿ, ಉಳ್ಳಾಗಡ್ಡಿ ಹೆಚ್ಚಿ ಇಟ್ಟಿರುತ್ತೇವೆ. ಹಕ್ಕರಕಿ ಬೇಯಿಸಬೇಕಿಲ್ಲ, ಹಾಗೇ ರೊಟ್ಟಿ ಜೊತೆ ಕಚ್ಚಿ ತಿನ್ನೋದು. ಸ್ವಲ್ಪ ಕಹಿ ಇರುತ್ತದೆ, ಅದೇ ಅದರ ರುಚಿ.

ಶೇಂಗಾ, ಗುರೆಳ್ಳು, ಅಗಸಿ ಮೂರೂ ಪುಡಿ ಚಟ್ನಿ. ಗುರೆಳ್ಳು ನೋಡಲು ಕಪ್ಪು, ಸುಟ್ಟುಹೋಗಿದೆ ಅಂತ ಬಿಟ್ಟು ಹೋಗಬೇಡಿ. ಚಟ್ನಿ ಮೇಲೆ ಗಟ್ಟಿ ಮೊಸರೋ ಶೇಂಗಾ ಎಣ್ಣೆಯೋ ಹಾಕಿ ಕಲಸಿಕೊಳ್ಳಿ, ಎರಡೂ ಪಕ್ಕದಲ್ಲೇ ಇರುತ್ತವೆ.

ರಂಜಕ ಬೇರೆ ಬಟ್ಟಲಲ್ಲಿದೆ, ಚಮಚವೂ ಚಿಕ್ಕದೇ ಇಟ್ಟಿದ್ದೇವೆ. ಹಣ್ಣಾದ ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ನಿಂಬೆರಸ, ಅಷ್ಟೇ. ಖಾರ ಜಾಸ್ತಿ. ಮೇಲೆ ಬೆಣ್ಣೆ ಹಾಕಿಕೊಂಡರೆ ಸ್ವಲ್ಪ ಸುಮ್ಮನಾಗುತ್ತದೆ.

ರೊಟ್ಟಿ

ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಭೋಗಿಗೆ ಇದಿಲ್ಲದೆ ಊಟ ಆಗಲ್ಲ ಅಲ್ವಾ. ಸಜ್ಜಿ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟು ಇಲ್ಲ, ಬಿಸಿನೀರಲ್ಲಿ ನಾದಿ ಕೈಯಲ್ಲೇ ಬಡಿದು, ಮೇಲೆ ಬಿಳಿ ಎಳ್ಳು ಒತ್ತಿ ಹಂಚಿಗೆ ಹಾಕ್ತೀವಿ, ಬೇಯುತ್ತಾ ಎಳ್ಳು ಹುರಿದ ವಾಸನೆ ಮೇಜಿನವರೆಗೂ ಬರುತ್ತದೆ. ಆರಿದರೆ ಇದು ಬಿರುಸಾಗುತ್ತದೆ. ಹಾಗಾಗಿ ಮಾಡಿ ರಾಶಿ ಹಾಕಿಡಲ್ಲ. ಎರಡು ಹಂಚು ಊಟದ ಹಾಲ್‌ನಲ್ಲೇ ಇವೆ, ಅಕ್ಕಂದಿರು ಬಡಿದು ಬೇಯಿಸಿ ನೇರ ನಿಮ್ಮ ತಟ್ಟೆಗೆ ಹಾಕ್ತಾರೆ. ಒಂದು ಗಂಟೆಯ ಹೊತ್ತಿಗೆ ಅಲ್ಲಿ ಸಾಲು ಇರುತ್ತದೆ, ಒಮ್ಮೆಗೆ ಒಂದೇ ತೆಗೆದುಕೊಳ್ಳಿ, ಎಷ್ಟು ಸಲ ಬೇಕಾದರೂ ಬನ್ನಿ.

ಬಿಳಿಜೋಳದ ಬಿಸಿ ರೊಟ್ಟಿಯೂ ಅಲ್ಲೇ. ಕಾಯೋಕೆ ಆಗಲ್ಲ ಅನ್ನೋರಿಗೆ ಬುಟ್ಟಿಯಲ್ಲಿ ಕಡಕ್ ರೊಟ್ಟಿ ಇದೆ. ಹಲ್ಲಿಗೆ ಕಷ್ಟ ಅನ್ನುವ ಹಿರಿಯರಿಗೆ ಚಪಾತಿ ಮಾಡಿಕೊಡುತ್ತೇವೆ, ಬಡಿಸುವವರಿಗೆ ಹೇಳಿ ಸಾಕು.

ಪಲ್ಯಗಳು

ಎಣ್ಣೆಗಾಯಿ ಬದನೆಕಾಯಿ: ಗುಂಡು ಎಳೆ ಬದನೆಕಾಯಿ, ತೊಟ್ಟು ಬಿಟ್ಟು ನಾಲ್ಕು ಸೀಳು. ಒಳಗೆ ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹುಣಸೆಹಣ್ಣು, ಚೂರು ಬೆಲ್ಲ, ಮಸಾಲೆ ಖಾರ. ಖಾರದಲ್ಲಿ ಬಣ್ಣಕ್ಕೆ ಬ್ಯಾಡಗಿ, ಚುರುಕಿಗೆ ಗುಂಟೂರು. ಸಣ್ಣ ಉರಿಯಲ್ಲಿ ಎಣ್ಣೆ ಮೇಲೆ ಬರುವವರೆಗೆ ಬೇಯುತ್ತದೆ, ತೊಟ್ಟು ಹಿಡಿದು ಎತ್ತಿದರೆ ಕಾಯಿ ಮೆತ್ತಗೆ ಬಿಚ್ಚಿಕೊಳ್ಳುತ್ತದೆ. ಕೆಳಗಿನ ಮಸಾಲೆಯನ್ನೂ ಬಡಿಸಿಕೊಳ್ಳಿ, ತುಂಬ ಜನ ಬರೀ ಕಾಯಿ ಎತ್ತಿಕೊಂಡು ಹೋಗ್ತಾರೆ, ನಮಗೆ ನೋಡಿ ಸಂಕಟ ಆಗುತ್ತದೆ.

ಭೋಗಿ ಪಲ್ಯ: ಅವರೆಕಾಳು, ಹಸಿ ಕಡಲೆ, ಗಜ್ಜರಿ, ಬದನೆಕಾಯಿ, ಮೆಂತ್ಯ ಸೊಪ್ಪು, ಹಸಿ ಶೇಂಗಾ ಎಲ್ಲ ಒಂದೇ ಪಾತ್ರೆಯಲ್ಲಿ, ಎಳ್ಳಿನ ಪುಡಿ ಹಾಕಿ. ಚಳಿಗಾಲದ ಸಂತೆಯಲ್ಲಿ ಸಿಗೋದೆಲ್ಲ ಇದರೊಳಗಿದೆ. ಖಾರ ಕಡಿಮೆ, ಗಜ್ಜರಿಯಿಂದ ಸ್ವಲ್ಪ ಸಿಹಿ.

ಪುಂಡಿಪಲ್ಯ: ಹುಳಿ ಸೊಪ್ಪು, ಜೋಳದ ನುಚ್ಚು, ತೊಗರಿಬೇಳೆ ಹಾಕಿ ಬೇಯಿಸಿ ಕಡೆದದ್ದು. ಮೇಲೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಸಜ್ಜಿ ರೊಟ್ಟಿಗೆ ನಮ್ಮ ಅಡುಗೆಮನೆಯವರ ಓಟು ಇದಕ್ಕೇ, ಎಣ್ಣೆಗಾಯಿಗಲ್ಲ.

ಝುಣಕದ ವಡಿ: ಕಡಲೆಹಿಟ್ಟು ಒಗ್ಗರಣೆಯಲ್ಲಿ ಗಟ್ಟಿಯಾಗಿ ತಿರುವಿ, ತಟ್ಟೆಗೆ ಹಾಕಿ, ಮೇಲೆ ಕೊಬ್ಬರಿ ಕೊತ್ತಂಬರಿ ಉದುರಿಸಿ ಕೊಯ್ದ ತುಂಡುಗಳು. ಮಡಕಿ ಕಾಳಿನ ಪಲ್ಯ ಮೊಳಕೆ ಬರಿಸಿದ್ದು, ಸ್ವಲ್ಪ ರಸ ಇರುತ್ತದೆ.

ಸುಲಗಾಯಿ, ಸೀತನಿ ಸಿಕ್ಕ ದಿನ ಅದೂ ಉಂಟು. ಹೊಲದಲ್ಲಾದರೆ ಕುಳ್ಳಿನ ಕೆಂಡದಲ್ಲಿ ಸುಡುತ್ತಾರೆ, ನಮ್ಮದು ಇದ್ದಿಲು. ಬೆಳಿಗ್ಗೆ ರೈತರು ತಂದರೆ ಮಾತ್ರ, ಬಾಗಿಲ ಬೋರ್ಡಿನಲ್ಲಿ ಬರೆದಿರುತ್ತೇವೆ. ಬೇಗ ಖಾಲಿ ಆಗುತ್ತದೆ.

ನಡುವೆ ಒಂದು ಮಿರ್ಚಿ

ಹುಬ್ಬಳ್ಳಿಯಲ್ಲಿ ಊಟ ಹಾಕಿ ಮಿರ್ಚಿ ಇಲ್ಲ ಅಂದರೆ ಜಗಳ ಆಗುತ್ತದೆ. ಬಫೆಯಲ್ಲಿಟ್ಟರೆ ಮೆತ್ತಗಾಗುತ್ತದೆ, ಆದ್ದರಿಂದ ಬಾಣಲೆಯಿಂದ ತೆಗೆದ ಹಾಗೇ ಹುಡುಗರು ಮೇಜಿಗೆ ತರುತ್ತಾರೆ.

ಅನ್ನ

ಬಿಳಿ ಅನ್ನ, ತುಪ್ಪ, ಕಟ್ಟಿನ ಸಾರು. ಕಡಲೆಬೇಳೆ ಬೇಯಿಸಿ ಬಸಿದ ಕಟ್ಟಿಗೆ ಹುಣಸೆಹುಳಿ, ಹುರಿದ ಕೊಬ್ಬರಿ, ಮಸಾಲೆ ಹಾಕಿದ ತಿಳಿ ಸಾರು, ಬಟ್ಟಲಲ್ಲಿ ಕುಡಿಯೋಕೂ ಚೆನ್ನಾಗಿರುತ್ತದೆ. ಆಮೇಲೆ ಮೊಸರನ್ನ, ಕರಿದ ಮಜ್ಜಿಗೆ ಮೆಣಸಿನಕಾಯಿ, ಹಪ್ಪಳ, ಸಂಡಿಗೆ.

ಸಿಹಿ

ಮಾದಲಿ. ಗೋಧಿ ಹಿಟ್ಟಿನ ದಪ್ಪ ರೊಟ್ಟಿ ಬೇಯಿಸಿ, ಕುಟ್ಟಿ, ಸಾಣಿಸಿ, ಬೆಲ್ಲದ ಪುಡಿ, ಪುಟಾಣಿ, ಗಸಗಸೆ, ಒಣಕೊಬ್ಬರಿ, ಏಲಕ್ಕಿ, ಒಣಶುಂಠಿ ಸೇರಿಸಿದ್ದು. ನೋಡಲು ಒಣ ಪುಡಿ, ಮೊದಲ ಸಲ ನೋಡಿದವರು ಇದೇನು ಅಂತ ಹಾಗೇ ಬಾಯಿಗೆ ಹಾಕಿಕೊಂಡು ಕೆಮ್ಮುತ್ತಾರೆ. ಬಟ್ಟಲಿಗೆ ಹಾಕಿ, ಮೇಲೆ ಬಿಸಿ ಹಾಲು, ಒಂದು ಚಮಚ ತುಪ್ಪ. ಒಂದು ನಿಮಿಷ ಬಿಡಿ, ಹಾಲು ಹೀರಿಕೊಂಡು ಅರಳುತ್ತದೆ, ಆಮೇಲೆ ತಿನ್ನಿ.

ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ. ಎರಡೂ ತೆಳು, ಅಂಚು ಗರಿಗರಿ, ಒಳಗೆ ಹುರಿದ ಪುಡಿ ಮತ್ತು ಬೆಲ್ಲ. ಹಿಂದಿನ ದಿನವೇ ಮಾಡಿಟ್ಟದ್ದು, ಅದರಲ್ಲಿ ಮುಚ್ಚಿಡೋದೇನಿಲ್ಲ, ಇವು ಆರಿದ ಮೇಲೇ ರುಚಿ ಕಟ್ಟುವಂಥವು. ತುಪ್ಪ ಹಚ್ಚಿಕೊಳ್ಳಿ.

ಪೇಡ ನಾವು ಮಾಡಲ್ಲ, ಧಾರವಾಡದಿಂದ ಬೆಳಿಗ್ಗೆ ಬರುತ್ತದೆ. ಒಬ್ಬರಿಗೆ ಒಂದು.

ತಿಳಿದಿರಲಿ

ಶೇಂಗಾ ಮತ್ತು ಎಳ್ಳು ಹೆಚ್ಚುಕಡಿಮೆ ಎಲ್ಲ ಕಡೆ ಇವೆ, ಎಣ್ಣೆಯೂ ಶೇಂಗಾದ್ದೇ. ಇವು ಆಗದವರಿಗೆ ಈ ಊಟ ಬೇಡ, ಮುಂಚೆಯೇ ಹೇಳಿದರೆ ಒಳಗಿನ ಹಾಲ್‌ನಲ್ಲಿ ಬೇರೆ ಏನಾದರೂ ಮಾಡಿಕೊಡಬಹುದಾ ನೋಡುತ್ತೇವೆ. ಉಳ್ಳಾಗಡ್ಡಿ ಬೆಳ್ಳುಳ್ಳಿ ತಿನ್ನದವರಿಗೆ ಭೋಗಿ ಪಲ್ಯ, ಕಟ್ಟಿನ ಸಾರು, ಅಗಸಿ ಚಟ್ನಿ, ಸಿಹಿಗಳು ಎಲ್ಲ ಸರಿ. ಆ ಪಾತ್ರೆಗಳ ಮೇಲೆ ಹಸಿರು ಚೀಟಿ ಇರುತ್ತದೆ.

ಮಕ್ಕಳಿಗೆ ಖಾರ ಹಾಕದ ಬೇಳೆ, ಅನ್ನ, ತುಪ್ಪ ಬೇರೆ ಇಟ್ಟಿದ್ದೇವೆ. ಬಫೆ ಊಟ ಪಾರ್ಸಲ್ ಇಲ್ಲ. ಹೋಳಿಗೆ, ಕಡಕ್ ರೊಟ್ಟಿ, ಚಟ್ನಿ ಪುಡಿ ಮಾತ್ರ ಕೌಂಟರ್‌ನಲ್ಲಿ ತೂಕಕ್ಕೆ ಸಿಗುತ್ತವೆ. ಹತ್ತು ಜನಕ್ಕಿಂತ ಜಾಸ್ತಿ ಬರೋದಾದರೆ ಹಿಂದಿನ ದಿನ ಬಂದು ಹೇಳಿ ಹೋಗಿ, ಹಿಟ್ಟು ಅಷ್ಟು ನಾದಿಡಬೇಕು.

ಹೊರಡುವಾಗ ಬಿಲ್ ಜೊತೆ ಕುಸುರೆಳ್ಳಿನ ಚಿಕ್ಕ ಪೊಟ್ಟಣ ಕೊಡ್ತೀವಿ, ಮೇಜಿನ ಮೇಲೆ ಬಿಟ್ಟು ಹೋಗಬೇಡಿ. ಎಳ್ಳು ಬೆಲ್ಲ ತಗೊಂಡು ನಾವು ನೀವು ಎಳ್ಳು ಬೆಲ್ಲದಂಗ ಇರೋಣು.