ಬಳ್ಳಾರಿ ತರಬೇತಿ ಕಟ್ಟಡದ ಹೊರಗಾಳಿ ಯೂನಿಟ್: ಎಂಥಾಲ್ಪಿ ವೀಲ್ ಜೊತೆಗಿನ ಸೈಕ್ರೊಮೆಟ್ರಿಕ್ ಲೆಕ್ಕ

ಕಟ್ಟಡ ಹೊಸಪೇಟೆ ರಸ್ತೆ ಕಡೆಯದ್ದು. ಮೂರು ಮಹಡಿ, ಒಟ್ಟಿಗೆ 200 ಜನ ಕೂರುವಷ್ಟು ತರಗತಿ ಮತ್ತು ಆಫೀಸು. ರೂಮಿನ ಬಿಸಿಯನ್ನು ಫ್ಯಾನ್ ಕಾಯಿಲ್‌ಗಳು ನೋಡಿಕೊಳ್ಳುತ್ತವೆ. ಹೊರಗಿನ ತಾಜಾ ಗಾಳಿ ಮತ್ತು ತೇವ, ಎರಡನ್ನೂ ಸಂಭಾಳಿಸಬೇಕಾದ್ದು ಈ ಯೂನಿಟ್. ಗಾಳಿ 4,000 ಸಿಎಫ್‌ಎಂ, ಅಂದರೆ ತಲೆಗೆ ಸೆಕೆಂಡಿಗೆ ಸುಮಾರು 9.4 ಲೀಟರ್.

ಮೊದಲ ಡ್ರಾಯಿಂಗ್‌ನಲ್ಲಿ ಯೂನಿಟ್ ಅಳತೆಯನ್ನು ಏಪ್ರಿಲ್ ಮಧ್ಯಾಹ್ನದ 41 ಡಿಗ್ರಿಗೆ ಹಿಡಿದಿದ್ದರು. ಬಳ್ಳಾರಿ ಅಂದ ತಕ್ಷಣ ಎಲ್ಲರಿಗೂ ಬಿಸಿಲೇ ನೆನಪಾಗೋದು, ಹಾಗಾಗಿ ಇದು ಸಹಜ. ಆದರೆ ಹೊರಗಾಳಿ ಯೂನಿಟ್‌ಗೆ ಆ ದಿನ ಅಷ್ಟು ಕಷ್ಟದ ದಿನ ಅಲ್ಲ. ನಿಜವಾದ ಪರೀಕ್ಷೆ ಸೆಪ್ಟೆಂಬರ್‌ನಲ್ಲಿ. ಮಳೆ ಬಿದ್ದು ಮೋಡ ಕಟ್ಟಿದ ದಿನ ಥರ್ಮಾಮೀಟರ್ 30 ತೋರಿಸುತ್ತೆ, ಮೈ ಮಾತ್ರ ಅಂಟಂಟು. ಲೆಕ್ಕ ಹಾಕಬೇಕಾದ್ದು ಅದಕ್ಕೆ.

ಗಾಳಿಯ ಬಿಸಿ, ತೇವ ಓದುವ ಸೈಕ್ರೊಮೆಟ್ರಿಕ್ ಚಾರ್ಟ್ ಬಗ್ಗೆ ಮೊದಲು ಒಂದು ಮಾತು. ಬಳ್ಳಾರಿ ಸಮುದ್ರ ಮಟ್ಟಕ್ಕಿಂತ ಸುಮಾರು 485 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 95.6 ಕಿಲೋಪಾಸ್ಕಲ್. ಸಮುದ್ರ ಮಟ್ಟದ ಚಾರ್ಟ್ ಇಟ್ಟುಕೊಂಡರೆ 24 ಡಿಗ್ರಿ, 50% ಗಾಳಿಯಲ್ಲಿ ಕೆಜಿಗೆ 9.3 ಗ್ರಾಂ ತೇವ ಸಿಗುತ್ತೆ. ಇಲ್ಲಿ ಅದು 9.9. ಗಾಳಿಯ ತೂಕವೂ ಶೇ. 6ರಷ್ಟು ಕಡಿಮೆ. ಎರಡೂ ಸಣ್ಣದು ಅನಿಸಬಹುದು, ಆದರೆ ಟನ್ ಲೆಕ್ಕದಲ್ಲಿ ಬಂದು ಕೂರುತ್ತವೆ. ಹಾಗಾಗಿ ಎಲ್ಲ ಬಿಂದುಗಳನ್ನೂ ಸ್ಥಳದ ಒತ್ತಡಕ್ಕೆ ಸೂತ್ರದಿಂದಲೇ ತೆಗೆದಿದೆ. W ಅಂದರೆ ಕೆಜಿ ಒಣ ಗಾಳಿಗೆ ಎಷ್ಟು ಕೆಜಿ ತೇವ, pw ನೀರಾವಿಯ ಒತ್ತಡ, P ಗಾಳಿಯ ಒತ್ತಡ, T ಉಷ್ಣಾಂಶ, h ಎಂಥಾಲ್ಪಿ, ಅಂದರೆ ಗಾಳಿ ಹೊತ್ತ ಒಟ್ಟು ಶಾಖ:

```
W = 0.622 × pw / (P − pw)
h = 1.006 T + W (2501 + 1.86 T)
```

ರೂಮನ್ನು 24 ಡಿಗ್ರಿ, 55% ತೇವದಲ್ಲಿ ಇಡುವುದು ಅಂತ ತೀರ್ಮಾನಿಸಿದ್ದೇವೆ. 50% ಕೇಳಿದ್ದರು. ಅದಕ್ಕೆ ಯೂನಿಟ್‌ನ ತಣ್ಣೀರು ಕಾಯಿಲ್‌ನಿಂದ ಹೊರಬರುವ ಗಾಳಿಯ ಡ್ಯೂ ಪಾಯಿಂಟ್, ಅಂದರೆ ತೇವ ನೀರಾಗಿ ಕೂರಲು ಶುರುವಾಗುವ ಉಷ್ಣಾಂಶ, 9 ಡಿಗ್ರಿಗಿಂತ ಕೆಳಗೆ ಹೋಗಬೇಕು. ತರಗತಿಗೆ ಅದು ಬೇಕಿಲ್ಲ, ಕರೆಂಟ್ ಬಿಲ್ ಸುಮ್ನೆ ಏರುತ್ತೆ. 200 ಜನರ ಮೈಯಿಂದ ಬರುವ ತೇವ 11 ಕಿಲೋವ್ಯಾಟ್, ಬಾಗಿಲಿನಿಂದ ನುಗ್ಗುವುದಕ್ಕೆ ಇನ್ನೆರಡು ಅಂತ ಹಿಡಿದರೆ 13. ಇಷ್ಟನ್ನು 2.16 ಕೆಜಿ/ಸೆಕೆಂಡ್ ಗಾಳಿ ಹೀರಬೇಕು. ಅಂದರೆ ಒಳಬರುವ ಗಾಳಿ ರೂಮಿಗಿಂತ ಕೆಜಿಗೆ 2.4 ಗ್ರಾಂ ಒಣ ಇರಬೇಕು: 8.46 ಗ್ರಾಂ, ಡ್ಯೂ ಪಾಯಿಂಟ್ 10.6 ಡಿಗ್ರಿ.

ಮುಂದೆ ವೀಲ್. ಹೊರಹೋಗುವ ಗಾಳಿ ಮತ್ತು ಒಳಬರುವ ಗಾಳಿಯ ನಡುವೆ ಬಿಸಿ, ತೇವ ಎರಡನ್ನೂ ದಾಟಿಸುವ ತಿರುಗುವ ಚಕ್ರ ಇದು. ಕ್ಯಾಟಲಾಗ್‌ನಲ್ಲಿ ಬಿಸಿಗೆ 75%, ತೇವಕ್ಕೆ 70% ಅಂತ ಇರುತ್ತೆ. ಅದು ಎರಡೂ ಕಡೆ ಸಮ ಗಾಳಿ ಇದ್ದಾಗಿನ ಮಾತು. ನಮ್ಮಲ್ಲಿ ಟಾಯ್ಲೆಟ್ ಗಾಳಿ ಬೇರೆ ಡಕ್ಟ್‌ನಲ್ಲಿ ಹೊರಗೆ ಹೋಗುತ್ತೆ, ಸ್ವಲ್ಪ ಗಾಳಿ ಕಟ್ಟಡದ ಒತ್ತಡ ಕಾಪಾಡಲು ಒಳಗೇ ಉಳಿಯುತ್ತೆ. ವೀಲ್‌ಗೆ ವಾಪಸ್ ಬರುವುದು ಒಳಗೆ ಕಳಿಸಿದ್ದರ 85% ಮಾತ್ರ. ಆದ್ದರಿಂದ ಹೊರಗಾಳಿಯ ಕಡೆಗೆ ಕೈಗೆ ಸಿಗುವುದು 64% ಮತ್ತು 60%. ಕ್ಯಾಟಲಾಗ್ ಅಂಕಿಯನ್ನೇ ನೇರ ಹಾಕಿದ ಕೊಟೇಶನ್‌ಗಳನ್ನು ಒಪ್ಪಬಾರದು.

| ಬಿಂದು | ಬೇಸಿಗೆ (ಡಿಗ್ರಿ / ಗ್ರಾಂ / ಕಿಲೋಜೂಲ್) | ಮಳೆಗಾಲ (ಡಿಗ್ರಿ / ಗ್ರಾಂ / ಕಿಲೋಜೂಲ್) |
|---|---|---|
| ಹೊರಗಾಳಿ | 41 / 11.3 / 70.3 | 30 / 19.2 / 79.2 |
| ವೀಲ್ ದಾಟಿದ ಮೇಲೆ | 30.1 / 11.0 / 58.5 | 26.2 / 14.2 / 62.5 |
| ಕಾಯಿಲ್ ದಾಟಿದ ಮೇಲೆ | 11.2 / 8.5 / 32.6 | 11.2 / 8.5 / 32.6 |
| ರೂಮಿನ ಗಾಳಿ | 24 / 10.9 / 51.8 | 24 / 10.9 / 51.8 |

ತೇವ ಮತ್ತು ಎಂಥಾಲ್ಪಿ ಎರಡೂ ಕೆಜಿ ಒಣ ಗಾಳಿಗೆ. ವೆಟ್ ಬಲ್ಬ್, ಅಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣಾಂಶ, ಬೇಸಿಗೆಗೆ 23, ಮಳೆಗಾಲಕ್ಕೆ 25 ಹಿಡಿದಿದೆ.

ಮೊದಲ ಸಾಲು ನೋಡಿ. ಮಳೆಗಾಲದ ಗಾಳಿ 11 ಡಿಗ್ರಿ ತಂಪು, ಆದರೂ ಕೆಜಿಗೆ 9 ಕಿಲೋಜೂಲ್ ಜಾಸ್ತಿ ಹೊತ್ತಿದೆ. ಅಷ್ಟೂ ತೇವದ ಭಾರ.

ಕಾಯಿಲ್ ಮೇಲಿನ ಹೊರೆ ಹೀಗಿದೆ. ಬೇಸಿಗೆಯಲ್ಲಿ ವೀಲ್ ಇಲ್ಲದಿದ್ದರೆ 23.2 ಟನ್, ಇದ್ದರೆ 15.9. ಮಳೆಗಾಲದಲ್ಲಿ ವೀಲ್ ಇಲ್ಲದಿದ್ದರೆ 28.6, ಇದ್ದರೆ 18.4. ಬರೀ ಬೇಸಿಗೆ ನೋಡಿ 16 ಟನ್ ಕಾಯಿಲ್ ಹಾಕಿದರೆ ಸೆಪ್ಟೆಂಬರ್‌ನಲ್ಲಿ ಗಾಳಿ 12.7 ಡಿಗ್ರಿಗೇ ನಿಲ್ಲುತ್ತೆ, ತೇವ 9.4 ಗ್ರಾಂ ಉಳಿಯುತ್ತೆ, ರೂಮು 60% ದಾಟುತ್ತೆ. ಥರ್ಮೋಸ್ಟಾಟ್ 24 ಅಂತಲೇ ತೋರಿಸುತ್ತೆ, ಕೂತವರಿಗೆ ಮಾತ್ರ ಕಸಿವಿಸಿ. ಇಂಥ ಕಟ್ಟಡದಲ್ಲಿ ಜನ ಥರ್ಮೋಸ್ಟಾಟನ್ನು 20ಕ್ಕೆ ಇಳಿಸುತ್ತಾರೆ. ಆಮೇಲೆ ಗೋಡೆ ಬೆವರುತ್ತೆ, ಮೂಲೆಯಲ್ಲಿ ಬೂಷ್ಟು ಹಿಡಿಯುತ್ತೆ. ಅದಕ್ಕೇ ಹೇಳುವುದು: ಕಾಯಿಲ್ 20 ಟನ್, 8 ರೋ, ನೀರು 6 ಡಿಗ್ರಿಯದ್ದು.

ಕೆಲಸದ ಸ್ವರೂಪವೂ ಬದಲಾಗುತ್ತೆ. ಬೇಸಿಗೆಯಲ್ಲಿ ಕಾಯಿಲ್ ಕೆಲಸದ ಮುಕ್ಕಾಲು ಪಾಲು ಬರೀ ತಂಪು ಮಾಡುವುದು. ಮಳೆಗಾಲದಲ್ಲಿ ಅರ್ಧ ತಂಪು, ಅರ್ಧ ನೀರು ಹಿಂಡುವುದು. ವೀಲ್ ತಿರುಗುತ್ತಿದ್ದಾಗ ಗಂಟೆಗೆ 45 ಲೀಟರ್ ನೀರು ಟ್ರೇಗೆ ಬೀಳುತ್ತೆ, ವೀಲ್ ನಿಂತರೆ ಕಾಯಿಲ್‌ಗೆ ಶಕ್ತಿ ಸಾಕಾದ ಪಕ್ಷದಲ್ಲಿ 83. ಡ್ರೈನ್ ಪೈಪು, ಟ್ರ್ಯಾಪ್ ಎರಡೂ 83ಕ್ಕೆ ಇರಲಿ. ಆ ನೀರನ್ನು ಚರಂಡಿಗೆ ಬಿಡಬೇಡಿ. ನಮ್ಮೂರಲ್ಲಿ ಒಂದೊಂದು ಕೊಡಕ್ಕೂ ಬೆಲೆ ಇದೆ. ಗಿಡಕ್ಕೋ ಕೂಲಿಂಗ್ ಟವರ್‌ಗೋ ಪೈಪು ಎಳೆಯಿರಿ.

11.2 ಡಿಗ್ರಿ ಗಾಳಿಯನ್ನು ಮತ್ತೆ ಬಿಸಿ ಮಾಡಿ ಕಳಿಸುವ ರೀಹೀಟ್ ಬೇಡ. ಫ್ಯಾನಿನ ಬಿಸಿ ಸೇರಿ 12.7 ಆಗುತ್ತೆ. ಹಾಗೇ ಬಿಟ್ಟರೆ ರೂಮಿನ 7 ಟನ್ ಬಿಸಿಯನ್ನು ಈ ಗಾಳಿಯೇ ಹೊರುತ್ತೆ, ಫ್ಯಾನ್ ಕಾಯಿಲ್‌ಗಳನ್ನು ಚಿಕ್ಕದು ಮಾಡಬಹುದು. ಒಂದು ಎಚ್ಚರ ಬೇಕು. ರೂಮಿನ ಡ್ಯೂ ಪಾಯಿಂಟ್ 14.4, ಗಾಳಿ ಬರುವ ಗ್ರಿಲ್ 12.7. ಸಾಮಾನ್ಯ ಗ್ರಿಲ್ ಹಾಕಿದರೆ ನೀರು ತೊಟ್ಟಿಕ್ಕುತ್ತೆ. ಫ್ಯಾನ್ ಕಾಯಿಲ್‌ನ ಹೊರಬಾಯಿಗೆ ಈ ಗಾಳಿಯನ್ನು ಸೇರಿಸಿ, ಡಕ್ಟ್ ಇನ್ಸುಲೇಶನ್‌ನ ಜಾಯಿಂಟ್‌ಗಳನ್ನು ಸರಿಯಾಗಿ ಮುಚ್ಚಿಸಿ. ಸಂಜೆ ಜನ ಕಡಿಮೆಯಾದಾಗ ಗಾಳಿಯ ಪ್ರಮಾಣ ಇಳಿಸುವ ವ್ಯವಸ್ಥೆಯೂ ಇರಲಿ.

ಇನ್ನು ವೀಲ್ ಬೇಡ ಅನ್ನುವವರು ಎತ್ತುವ ಮಾತು, ಅದರಿಂದ ಏರುವ ಫ್ಯಾನ್ ಖರ್ಚು. ಎರಡೂ ಕಡೆ 200 ಪಾಸ್ಕಲ್ ತಡೆ ಅಂದರೆ ಸುಮಾರು 1.3 ಕಿಲೋವ್ಯಾಟ್, ವೀಲ್ ಮೋಟಾರ್ ಸೇರಿ ಒಂದೂವರೆ. ಅದು ಮಳೆಗಾಲದಲ್ಲಿ ಉಳಿಸುವುದು 10 ಟನ್, ಅಂದರೆ ಚಿಲ್ಲರ್ ಕಡೆ ಸುಮಾರು 10 ಕಿಲೋವ್ಯಾಟ್. ತೆಗೆಯುವ ಪ್ರಶ್ನೆಯೇ ಇಲ್ಲ.

ಇಲ್ಲಿ ಹೆದರಿಕೆ ದೂಳಿನದು. ಅದಿರು ಲಾರಿ ಓಡುವ ರಸ್ತೆ, ಗಾಳಿಯಲ್ಲಿ ಕೆಂಪು ಪುಡಿ ಇದ್ದೇ ಇರುತ್ತೆ. ವೀಲ್‌ನ ಜೇನುಗೂಡಿನಂಥ ಕಣ್ಣುಗಳಲ್ಲಿ ಅದು ಕಟ್ಟಿಕೊಂಡರೆ ತೇವ ಹಿಡಿಯುವ ಲೇಪನ ಸತ್ತಂತೆ. ವೀಲ್‌ಗೆ ಮುಂಚೆಯೇ ಮೊದಲು ಒರಟು ಫಿಲ್ಟರ್, ಆಮೇಲೆ ಸೂಕ್ಷ್ಮ ಫಿಲ್ಟರ್, ಎರಡಕ್ಕೂ ಒತ್ತಡ ತೋರಿಸುವ ಗೇಜ್ ಇರಬೇಕು. ಒಳಬರುವ ಕಡೆಯ ಒತ್ತಡ ಹೊರಹೋಗುವ ಕಡೆಗಿಂತ ಹೆಚ್ಚು ಇರುವ ಹಾಗೆ ಫ್ಯಾನ್‌ಗಳನ್ನು ಕೂರಿಸಿ. ಸೋರಿದರೂ ಹಳಸಿದ ಗಾಳಿ ಒಳಗೆ ಬರಬಾರದು.

ವೀಲ್ ಯಾವಾಗ ನಿಲ್ಲಬೇಕು? ಹೊರಗಿನ ಎಂಥಾಲ್ಪಿ ವಾಪಸ್ ಗಾಳಿಯ 51.8ಕ್ಕಿಂತ ಕಡಿಮೆ ಇದ್ದಾಗ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಹೀಗಾಗುತ್ತೆ. ಮಾರ್ಚ್‌ನ ಒಣ ಮಧ್ಯಾಹ್ನ ಮಾತ್ರ ನಿಲ್ಲಿಸಬಾರದು. 39 ಡಿಗ್ರಿ, 8 ಗ್ರಾಂ ಇದ್ದಾಗ ವೀಲ್ ಗಾಳಿಗೆ ತೇವ ಸೇರಿಸುತ್ತೆ, ನೋಡಿದರೆ ತಪ್ಪು ಅನಿಸುತ್ತೆ. ಒಟ್ಟು ಎಂಥಾಲ್ಪಿ ಮಾತ್ರ 59.8ರಿಂದ 54.4ಕ್ಕೆ ಇಳಿದಿರುತ್ತೆ. ಉಷ್ಣಾಂಶ ನೋಡಿ ಅಥವಾ ತೇವ ಮಾತ್ರ ನೋಡಿ ತೀರ್ಮಾನಿಸುವ ಕಂಟ್ರೋಲರ್ ಬೇಡ.

ಬೆಲ್ಟ್ ಕಡಿದಾಗ ವೀಲ್ ಸದ್ದಿಲ್ಲದೆ ನಿಲ್ಲುತ್ತೆ, ಫ್ಯಾನ್ ಓಡುತ್ತಲೇ ಇರುತ್ತೆ. ಹಾಗಾಗಿ ಸುತ್ತು ಎಣಿಸುವ ಸೆನ್ಸರ್ ಮತ್ತು ವೀಲ್ ನಂತರ ಒಂದು ಟೆಂಪರೇಚರ್ ಸೆನ್ಸರ್ ಕಡ್ಡಾಯ. ಹೊರಗೆ 41 ಇರುವಾಗ ವೀಲ್ ಆಚೆಯೂ 41 ಬಂದರೆ ಬೆಲ್ಟ್ ಹೋಗಿದೆ ಅಂತ. ಒಂದು ಹೆಚ್ಚುವರಿ ಬೆಲ್ಟ್ ಪ್ಲಾಂಟ್ ರೂಮಿನಲ್ಲಿ ಇರಲಿ.

ಯೂನಿಟ್ ಒಪ್ಪಿಕೊಳ್ಳುವ ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಬೇಕು. ಹೊರಗಿನ ವೆಟ್ ಬಲ್ಬ್ 24 ದಾಟಿದ ದಿನ ಪೂರ್ತಿ ಗಾಳಿಯಲ್ಲಿ ಓಡಿಸಿ, ಕಾಯಿಲ್ ಆಚೆಗೆ 11.2 ಡಿಗ್ರಿ ಬಂದರಷ್ಟೇ ಕೊನೆಯ ಬಿಲ್ ಪಾಸು.