ದೀಪಾವಳಿ ಸೀರೆ ವ್ಯಾಪಾರ: ಗ್ರಾಹಕರ ಅಭಿಪ್ರಾಯಗಳಿಗೆ ನಮ್ಮ ಉತ್ತರ

★★★★★ “ಲಕ್ಷ್ಮೀಪೂಜಿಗೆ ಉಟ್ಟಿದ್ದೆ. ಬಂದವರೆಲ್ಲಾ ಎಲ್ಲಿ ತೊಗೊಂಡ್ರಿ ಅಂತ ಕೇಳಿದ್ರು.”

ನಮಸ್ಕಾರ ರೀ ಅಕ್ಕಾರ. ನೀವು ಒಯ್ದ ಹಸಿರು ಇಳಕಲ್ ಸೀರೆ, ಅದಕ್ಕೆ ಆರಿಸಿದ ಗುಳೇದಗುಡ್ಡದ ಖಣ ಎರಡೂ ನಮಗೆ ನೆನಪಿವೆ. ಆ ಜೋಡಿ ನಿಮ್ಮದೇ ಆಯ್ಕೆ, ಮೆಚ್ಚುಗೆಯೂ ನಿಮ್ಮದೇ. ನೇಯ್ದವರಿಗೂ ನಿಮ್ಮ ಮಾತು ಓದಿ ಹೇಳಿದ್ದೇವೆ. ತುಂಬಾ ಧನ್ಯವಾದಗಳು.

★★ “ಸೆರಗು ಬ್ಯಾರೆ, ಮೈ ಬ್ಯಾರೆ. ತುಂಡು ಜೋಡಿಸಿದ ಸೀರಿ ಕೊಟ್ಟೀರಿ. ಬಾಜೂ ಅಂಗಡ್ಯಾಗ ಅರ್ಧಾ ರೇಟಿಗೆ ಸಿಗತಿತ್ತು.”

ಸರ, ಮನೆಯವರಿಗೆಂದು ಹಬ್ಬಕ್ಕೆ ಪ್ರೀತಿಯಿಂದ ಒಯ್ದ ಸೀರೆಯಲ್ಲಿ ಜೋಡಣೆ ಕಂಡರೆ ಯಾರಿಗಾದರೂ ಬೇಜಾರಾಗುತ್ತದೆ. ಆದರೆ ಅದು ಹೊಲಿದ ತುಂಡಲ್ಲ ರೀ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಮಗ್ಗದ ಮೇಲೆಯೇ ಒಂದೊಂದಾಗಿ ಕೊಂಡಿ ಹಾಕುತ್ತಾರೆ. ನಿಮ್ಮ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು. ಎರಡೂ ಸೇರುವುದು ಆ ಕೊಂಡಿಯಿಂದಲೇ. ಸೆರಗನ್ನು ಬೆಳಕಿಗೆ ಹಿಡಿದು ನೋಡಿ, ಒಂದರೊಳಗೊಂದು ಸಿಕ್ಕ ಎಳೆಗಳು ಕಾಣುತ್ತವೆ, ಸೂಜಿಯ ಹೊಲಿಗೆ ಕಾಣುವುದಿಲ್ಲ. ಇಷ್ಟೊಂದು ಎಳೆ ಕೈಯಿಂದ ಜೋಡಿಸಲು ಹೊತ್ತು ಹಿಡಿಯುತ್ತದೆ, ದರದ ಅಂತರಕ್ಕೆ ದೊಡ್ಡ ಕಾರಣ ಅದೇ. ಪವರ್‌ಲೂಮ್ ಸೀರೆಯೂ ಚಂದ ಇರುತ್ತದೆ, ನಾವೂ ಮಾರುತ್ತೇವೆ, ಅದರ ದರ ಕಡಿಮೆ. ಇಷ್ಟಾದರೂ ಮನಸ್ಸಿಗೆ ಬರದಿದ್ದರೆ ಫಾಲ್ ಹಚ್ಚದೆ ಬಿಲ್ಲಿನ ಜೊತೆ ತನ್ನಿ. ಬದಲಿ ಸೀರೆ ಆರಿಸಿಕೊಳ್ಳಿ, ಇಲ್ಲವೇ ಪೂರ್ತಿ ಹಣ ವಾಪಸ್ ತೊಗೊಳ್ಳಿ.

★★★ “ಸೀರಿ ಛಲೋ ಐತಿ, ಆದರ ಹಾವೇರಿಗೆ ಮುಟ್ಟಿದ್ದು ಪಾಡ್ಯ ಮುಗದ ಮ್ಯಾಲೆ.”

ಅಕ್ಕಾರ, ಹಬ್ಬಕ್ಕೆಂದು ತರಿಸಿದ ಸೀರೆ ಹಬ್ಬ ಮುಗಿದ ಮೇಲೆ ಬಂದರೆ ಆಗುವ ನೋವು ನಮಗೆ ಅರ್ಥವಾಗುತ್ತದೆ. ಕ್ಷಮೆ ಇರಲಿ. ಕೊರಿಯರ್ ಖರ್ಚು 120 ರೂಪಾಯಿ ಇವತ್ತೇ ನಿಮ್ಮ ಖಾತೆಗೆ ಹಾಕಿದ್ದೇವೆ. ಸೀರೆ ಈಗ ಬೇಡವೆಂದರೆ ತಿಂಗಳ ಕೊನೆವರೆಗೆ ವಾಪಸ್ ಕಳಿಸಿ, ಆ ಖರ್ಚೂ ನಮ್ಮದೇ. ಮುಂದಿನ ಹಬ್ಬದಿಂದ ಹಾವೇರಿ, ಗದಗ ಕಡೆಯ ಪಾರ್ಸಲ್‌ಗಳನ್ನು ಮೊದಲು ಕಟ್ಟುತ್ತೇವೆ.

★★ “ಮೊದಲ ತೊಳಿಯೋದ್ರಾಗ ಕೆಂಪು ಬಣ್ಣ ಬಿಡ್ತು.”

ಅವ್ವಾರ, ಬಣ್ಣ ಸೀರೆಯ ಮೈಗೂ ಹತ್ತಿದೆಯೇ, ಬರೀ ನೀರಿಗೆ ಬಿಟ್ಟಿದೆಯೇ ಎಂದು ಕಣ್ಣಾರೆ ನೋಡಬೇಕು. ದಯವಿಟ್ಟು ಸೀರೆ ತನ್ನಿ. ಮೈಗೆ ಹತ್ತಿದ್ದರೆ ಬದಲಾಯಿಸಿ ಕೊಡುತ್ತೇವೆ. ಅಲ್ಲಿಯವರೆಗೆ ನೆನೆಹಾಕಬೇಡಿ, ಬಿಸಿನೀರು ಬೇಡ, ನೆರಳಿನಲ್ಲಿ ಒಣಗಿಸಿ.

★★★★★ “ದುರ್ಗದಬೈಲಿನ ಆ ಗದ್ದಲದಾಗೂ ಸಮಾಧಾನದಿಂದ ತೋರಿಸಿದ್ರು.”

ನಿಮ್ಮ ಮಾತು ಕೌಂಟರಿನ ಹುಡುಗರಿಗೆ ತೋರಿಸಿದ್ದೇವೆ. ಇಡೀ ದಿನ ನಿಂತೇ ಸೀರೆ ಬಿಚ್ಚಿ, ಮಡಚಿ ದಣಿದವರಿಗೆ ಇದರಿಂದ ಬಹಳ ಖುಷಿಯಾಯಿತು.

★ (ಏನೂ ಬರೆದಿಲ್ಲ)

ಸರ, ನಿಮಗೆ ಎಲ್ಲಿ ಬೇಸರವಾಯಿತು ಎಂದು ತಿಳಿಯಲಿಲ್ಲ. ಬಿಲ್ಲಿನ ಮೇಲಿರುವ ನಂಬರಿಗೆ ಒಂದು ಫೋನ್ ಮಾಡಿ, ಅಂಗಡಿ ಮಾಲೀಕರೇ ಮಾತಾಡುತ್ತಾರೆ.